ರಜೆ ಪಾಲಿಸಿಯನ್ನು ಒಂದು ಪುಟಕ್ಕೆ ಇಳಿಸುವಾಗ ‘ಆದರೆ’ ಬಿಟ್ಟುಹೋದರೆ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಔಷಧ ಹೋಲ್‌ಸೇಲ್ ವ್ಯಾಪಾರ. ಆಫೀಸು, ಗೋಡೌನ್ ಸೇರಿ 85 ಜನ. ಎಚ್‌ಆರ್ ಕೆಲಸ ನನ್ನದು. ರಜೆ ಪಾಲಿಸಿ ಇಂಗ್ಲಿಷಿನಲ್ಲಿ 14 ಪುಟ ಇದೆ, ಯಾರೂ ಓದಲ್ಲ. ಅದಕ್ಕೇ ಒಂದು ಪುಟದ ಕಾರ್ಡ್ ಮಾಡಿ ಪಂಚಿಂಗ್ ಮಷೀನ್ ಪಕ್ಕ ಅಂಟಿಸಿದೆ. ಕಾಯಿಲೆ ರಜೆಗೆ ‘ಎಸ್‌ಎಲ್ ವರ್ಷಕ್ಕೆ 12’, ಗಳಿಕೆ ರಜೆಗೆ ‘ಇಎಲ್ ವರ್ಷಕ್ಕೆ 15’ ಅಂತ ಬರೆದಿದ್ದೆ. ಗೋಡೌನಿನ ಒಬ್ಬರು ಜ್ವರ ಅಂತ ಶುಕ್ರವಾರದಿಂದ ಮಂಗಳವಾರದವರೆಗೆ ಬರಲಿಲ್ಲ. ಡಾಕ್ಟರ್ ಸರ್ಟಿಫಿಕೇಟ್ ತರಲಿಲ್ಲ ಅಂತ ಭಾನುವಾರವೂ ಸೇರಿ ಐದು ದಿನದ ಸಂಬಳ ಕಟ್ ಆಯಿತು. ‘ಕಾರ್ಡಲ್ಲಿ ಸರ್ಟಿಫಿಕೇಟ್ ಮಾತೇ ಇಲ್ಲವಲ್ಲ’ ಅಂತ ಅವರ ವಾದ. ಕಾರ್ಡಿಗೆ ಏನೂ ಬೆಲೆ ಇಲ್ಲ, ಪಾಲಿಸಿಯೇ ಮುಖ್ಯ ಅಲ್ವಾ? ಬಾಸ್ ಅಂತೂ ಕಾರ್ಡ್ ಕಿತ್ತುಹಾಕಿ ಅಂತಿದ್ದಾರೆ.

ಉತ್ತರ: ಕಾರ್ಡ್ ಕೀಳಬೇಡಿ. ಆ ಮನುಷ್ಯನ ಸಂಬಳ ಮಾತ್ರ ವಾಪಸ್ ಕೊಡಿ. ಮೊದಲು ಇದನ್ನೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನದೆಲ್ಲ ನೀವು ನಿಧಾನವಾಗಿ ಮಾಡಬಹುದಾದ ಕೆಲಸ. ಇದೊಂದು ಈ ತಿಂಗಳ ಸಂಬಳದೊಳಗೆ ಆಗಬೇಕು.

‘ಕಾರ್ಡಿಗೆ ಬೆಲೆ ಇಲ್ಲ’ ಅನ್ನುವುದು ಅರ್ಧ ಸತ್ಯ. ಪಾಲಿಸಿಗೂ ಕಾರ್ಡಿಗೂ ತಾಳೆಯಾಗದಿದ್ದರೆ ಪಾಲಿಸಿಯೇ ಲೆಕ್ಕಕ್ಕೆ ಅಂತ ನೀವು ಬರೆದುಕೊಳ್ಳಬಹುದು, ಬರೆದುಕೊಳ್ಳಲೂ ಬೇಕು. ಆದರೆ ಕಂಪನಿಯೇ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ ಕಾಗದ ನೋಡಿಕೊಂಡು ಒಬ್ಬರು ನಡೆದುಕೊಂಡಿದ್ದಾರೆ. ಆಮೇಲೆ ‘ಅದು ಸುಮ್ನೆ ಹಾಕಿದ್ದು’ ಅಂದರೆ ನಾಳೆ ಲೇಬರ್ ಇನ್‌ಸ್ಪೆಕ್ಟರ್ ಎದುರು ಆ ಮಾತು ನಿಲ್ಲುವುದು ಕಷ್ಟ. ಅದಕ್ಕಿಂತ ಮೊದಲೇ, ಗೋಡೌನಿನ ಉಳಿದವರ ಎದುರು ನಿಲ್ಲಲ್ಲ. ಇನ್ನೊಂದು ಕಡೆಯಿಂದಲೂ ನೋಡಿ. ಕಾರ್ಡಾಗಲಿ ಪಾಲಿಸಿಯಾಗಲಿ, ಕಾನೂನು ಕೊಟ್ಟಿದ್ದಕ್ಕಿಂತ ಕಡಿಮೆ ಕೊಡುವಂತಿಲ್ಲ. ಜಾಸ್ತಿ ಕೊಡಬಹುದು. ಹಾಗಾಗಿ ಕಾರ್ಡ್ ಎರಡು ಕಡೆ ಸರಿಹೊಂದಬೇಕು. ಮೇಲೆ ಪಾಲಿಸಿ, ಕೆಳಗೆ ಕಾನೂನು.

ನಿಮ್ಮ ಕಾರ್ಡಿನಲ್ಲಿ ಆಗಿದ್ದು ಏನೆಂದರೆ, ಸಂಖ್ಯೆ ಉಳಿಯಿತು, ಷರತ್ತು ಹೋಯಿತು. ನಾನು ನೋಡಿದ ಹತ್ತು ಕಾರ್ಡಿನಲ್ಲಿ ಎಂಟರ ಕಥೆ ಇದೇ. ಪುಟ ಕಡಿಮೆ ಮಾಡಬೇಕು ಅಂತ ಕೂತಾಗ ಕಣ್ಣಿಗೆ ಮೊದಲು ಬೀಳುವುದು ಅಂಕಿ. ‘12’ ಅಂತ ಬರೆಯುವುದು ಸುಲಭ. ಅದರ ಹಿಂದೆ ‘ಮೂರನೇ ದಿನದಿಂದ ಸರ್ಟಿಫಿಕೇಟ್’, ‘ಉಳಿದರೆ ಮುಂದಿನ ವರ್ಷಕ್ಕಿಲ್ಲ’ ಅಂತ ಎರಡು ಬಾಲ ಇರುತ್ತವೆ, ಅವನ್ನು ಕತ್ತರಿಸಿಬಿಡುತ್ತೇವೆ. ಆದರೆ ಜಗಳ ಅಂಕಿಯ ಮೇಲೆ ಆಗುವುದು ಅಪರೂಪ. ಬಾಲದ ಮೇಲೆಯೇ ಆಗುವುದು.

ಹಾಗಾದರೆ ಯಾವುದನ್ನು ಬಿಡಬೇಕು? ಷರತ್ತನ್ನು ಬಿಡಬೇಡಿ, ಸಂದರ್ಭಗಳನ್ನು ಬಿಡಿ. ನಿಮ್ಮ 14 ಪುಟದಲ್ಲಿ ಬಹಳಷ್ಟು ಪುಟ ಅಪರೂಪದ ಸಂದರ್ಭಕ್ಕೆ ಹೋಗಿರುತ್ತವೆ. ದತ್ತು ತೆಗೆದುಕೊಂಡರೆ ಏನು, ಬೇರೆ ಊರಿಗೆ ವರ್ಗವಾದರೆ ರಜೆ ಖಾತೆ ಏನಾಗುತ್ತದೆ, ನೋಟಿಸ್ ಅವಧಿಯಲ್ಲಿ ರಜೆ ಹಾಕಬಹುದಾ, ಹೀಗೆ. ಇವು ಕಾರ್ಡಿಗೆ ಬೇಡ. ‘ಇದಕ್ಕೆ ಎಚ್‌ಆರ್ ಕೇಳಿ’ ಅಂತ ಒಂದು ಸಾಲು ಸಾಕು. ಅದರ ಬದಲು, ಕಾರ್ಡಿಗೆ ಯಾವ ರಜೆಯನ್ನು ತೆಗೆದುಕೊಳ್ಳುತ್ತೀರೋ ಅದನ್ನು ಪೂರ್ತಿ ತೆಗೆದುಕೊಳ್ಳಿ. ಯಾರಿಗೆ, ಎಷ್ಟು, ಏನು ಮಾಡಬೇಕು, ಕೊನೆಗೆ ‘ಆದರೆ’. ಈ ನಾಲ್ಕನೆಯದು ಖಾಲಿ ಇದ್ದರೆ ಪಾಲಿಸಿಯನ್ನು ಮತ್ತೊಮ್ಮೆ ಓದಿ. ಷರತ್ತೇ ಇಲ್ಲದ ರಜೆಯನ್ನು ಯಾವ ಕಂಪನಿಯೂ ಬರೆದಿರಲ್ಲ.

ನಿಮ್ಮ ಎಸ್‌ಎಲ್ ಸಾಲನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ. ಗಡುವು, ಷರತ್ತುಗಳನ್ನು ನಿಮ್ಮ ಪಾಲಿಸಿಯಲ್ಲಿ ಇರುವ ಹಾಗೆ ಬದಲಾಯಿಸಿಕೊಳ್ಳಿ.

> ಹುಷಾರಿಲ್ಲ, ಇವತ್ತು ಬರೋಕಾಗಲ್ಲ
> ಯಾರಿಗೆ: ಎಲ್ಲರಿಗೂ, ಸೇರಿದ ದಿನದಿಂದಲೇ.
> ಎಷ್ಟು: ಜನವರಿಯಿಂದ ಡಿಸೆಂಬರ್‌ವರೆಗೆ 12 ದಿನ, ಸಂಬಳದ ಜೊತೆ.
> ಏನು ಮಾಡಬೇಕು: ಶಿಫ್ಟ್ ಶುರುವಾಗಿ 1 ಗಂಟೆಯೊಳಗೆ ಸೂಪರ್‌ವೈಸರ್‌ಗೆ ಫೋನ್ ಅಥವಾ ಮೆಸೇಜ್ ಮಾಡಬೇಕು.
> ಆದರೆ: ಸತತವಾಗಿ 3 ಕೆಲಸದ ದಿನ ಅಥವಾ ಜಾಸ್ತಿ ಆದರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ವಾಪಸ್ ಬಂದ ದಿನವೇ ಕೊಡಬೇಕು. ಡಿಸೆಂಬರ್‌ನಲ್ಲಿ ಉಳಿದದ್ದು ಮುಂದಿನ ವರ್ಷಕ್ಕೆ ಸೇರಲ್ಲ.

ಮೇಲಿನ ತಲೆಬರಹ ನೋಡಿ. ‘ಎಸ್‌ಎಲ್’ ಅಂತ ಹಾಕಿಲ್ಲ. ಪಾಲಿಸಿಯನ್ನು ಬರೆದವರು ರಜೆಯ ಹೆಸರಿನಿಂದ ಯೋಚಿಸುತ್ತಾರೆ. ಬೆಳಿಗ್ಗೆ ಆರು ಗಂಟೆಗೆ ಮೈಬಿಸಿ ಇರುವವರು ಪರಿಸ್ಥಿತಿಯಿಂದ ಯೋಚಿಸುತ್ತಾರೆ. ಅಲ್ಲಿ ನಿಂತು ಅವರು ಹುಡುಕುವುದು ‘ಈಗ ಯಾರಿಗೆ ಹೇಳಲಿ’ ಅನ್ನುವುದನ್ನು. ರಜೆಯ ಹೆಸರನ್ನು ಪಕ್ಕದಲ್ಲಿ ಸಣ್ಣದಾಗಿ ಹಾಕಿ, ಅರ್ಜಿ ತುಂಬುವಾಗ ಬೇಕಾಗುತ್ತದೆ.

ಇನ್ನು ‘ದಿನ’ ಅನ್ನುವ ಪದ. ನಿಮ್ಮ ಗೋಡೌನಿನವರ ಲೆಕ್ಕವನ್ನೇ ತೆಗೆದುಕೊಳ್ಳೋಣ. ಶುಕ್ರ, ಶನಿ, ಸೋಮ, ಮಂಗಳ. ವಾರಕ್ಕೆ ಆರು ದಿನ ಕೆಲಸ ಅಂದರೆ ನಾಲ್ಕು ದಿನ ಗೈರು. ನೀವು ಕತ್ತರಿಸಿದ್ದು ಐದು ದಿನ. ಅಂದರೆ ನಡುವಿನ ಭಾನುವಾರವನ್ನೂ ರಜೆಗೆ ಸೇರಿಸಿದ್ದೀರಿ. ನಮ್ಮ ಕಡೆ ಎಲ್ಲರೂ ಇದಕ್ಕೆ ‘ಸ್ಯಾಂಡ್‌ವಿಚ್’ ಅಂತಾರೆ. ಕಾರ್ಡಿನಲ್ಲಿ ‘ದಿನ’ ಅಂತ ಮಾತ್ರ ಇದ್ದರೆ, ಓದುವವರ ಮನಸ್ಸಿನಲ್ಲಿ ಭಾನುವಾರ ಯಾವತ್ತೂ ರಜೆಯ ದಿನವಲ್ಲ. ಅದು ಹೇಗೂ ರಜಾ ಅಲ್ವಾ! ಪಾಲಿಸಿಯಲ್ಲಿ ಸ್ಯಾಂಡ್‌ವಿಚ್ ನಿಯಮ ಇದ್ದರೆ ಅದು ಕಾರ್ಡಿನಲ್ಲಿ ಒಂದು ಉದಾಹರಣೆಯ ಸಮೇತ ಇರಲೇಬೇಕು: ‘ಶನಿವಾರ ಮತ್ತು ಸೋಮವಾರ ರಜೆ ಹಾಕಿದರೆ 3 ದಿನ ಲೆಕ್ಕ’. ಪಾಲಿಸಿಯಲ್ಲೇ ಇಲ್ಲದಿದ್ದರೆ, ಐದು ದಿನ ಕತ್ತರಿಸಿದ್ದು ಸಂಬಳ ಮಾಡುವವರ ಅಭ್ಯಾಸ ಅಷ್ಟೇ. ಅದನ್ನು ಇವತ್ತೇ ನಿಲ್ಲಿಸಿ.

ಇಲ್ಲೊಂದು ಎಚ್ಚರಿಕೆ. ಗಳಿಕೆ ರಜೆಗೆ, ಅಂದರೆ ಇಎಲ್‌ಗೆ, ಸ್ಯಾಂಡ್‌ವಿಚ್ ಹಾಕುವುದು ಅಪಾಯ. 1948ರ ಕಾರ್ಖಾನೆ ಕಾಯ್ದೆ, ನಡುವೆ ಅಥವಾ ತುದಿಯಲ್ಲಿ ಬರುವ ರಜಾದಿನಗಳನ್ನು ಈ ರಜೆಯಲ್ಲಿ ಎಣಿಸಬಾರದು ಅಂತ ನೇರವಾಗಿಯೇ ಹೇಳಿತ್ತು. ನಿಮ್ಮದು ಕಾರ್ಖಾನೆ ಅಲ್ಲ ನಿಜ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ಬರುತ್ತೀರಿ. ಆದರೂ ಸ್ಯಾಂಡ್‌ವಿಚ್ ಸಾಲನ್ನು ಕಾರ್ಡಿಗೆ ಹಾಕುವ ಮೊದಲು ಲೇಬರ್ ವಕೀಲರೊಬ್ಬರಿಗೆ ತೋರಿಸಿ. ಗೋಡೆಗೆ ಅಂಟಿಸಿದ ಮೇಲೆ ಅದು ನೀವೇ ಬರೆದುಕೊಟ್ಟ ಸಾಕ್ಷಿ.

ಈಗ ನಿಮ್ಮ ಎರಡನೇ ಸಾಲು, ‘ಇಎಲ್ ವರ್ಷಕ್ಕೆ 15’. ಇದು ಇನ್ನೂ ಜಗಳ ತಂದಿಲ್ಲ, ಆದರೆ ತರುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ, ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ ಗಳಿಕೆ ರಜೆ. ನಿಮ್ಮ ಪಾಲಿಸಿಯಲ್ಲೂ ಬಹುಶಃ ಇದೇ ವಾಕ್ಯ ಇರುತ್ತದೆ. 15 ಎಲ್ಲಿಂದ ಬಂತು? ಯಾರೋ 300ನ್ನು 20ರಿಂದ ಭಾಗಿಸಿದ್ದಾರೆ.

ಲೆಕ್ಕ ಹಾಕಿ ನೋಡೋಣ. ವರ್ಷದ 365 ದಿನದಲ್ಲಿ 52 ಭಾನುವಾರ ತೆಗೆಯಿರಿ. ಹಬ್ಬದ ರಜೆ 10 ತೆಗೆಯಿರಿ. ರಾಜ್ಯದ 1963ರ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬ. ಯಾವುದೂ ಭಾನುವಾರ ಬೀಳಲಿಲ್ಲ ಅಂದುಕೊಂಡರೆ ಉಳಿದದ್ದು 303. ಒಬ್ಬರು ಅದರಲ್ಲಿ 12 ಎಸ್‌ಎಲ್, 11 ಇಎಲ್ ತೆಗೆದುಕೊಂಡರು. ಕೆಲಸ ಮಾಡಿದ್ದು 280 ದಿನ. 20ರಿಂದ ಭಾಗಿಸಿದರೆ 14. ಆಗಸ್ಟ್‌ನಲ್ಲಿ ಸೇರಿದ ಇನ್ನೊಬ್ಬರು ಡಿಸೆಂಬರ್ ಕೊನೆಗೆ 120 ದಿನ ಕೆಲಸ ಮಾಡಿದ್ದರೆ 6. ಒಂದು ರಜೆಯನ್ನೂ ಹಾಕದವರಿಗೆ 15. ಒಂದೇ ಕಾರ್ಡು, ಮೂರು ಉತ್ತರ. ಮೊದಲನೆಯವರು ‘ಕಾರ್ಡಲ್ಲಿ 15 ಇದೆ, ನನಗೆ 14 ಯಾಕೆ’ ಅಂತ ಬಂದರೆ ನೀವು ಏನು ಹೇಳುತ್ತೀರಿ?

ಇಲ್ಲಿ ನಿಮ್ಮ ಎದುರು ಎರಡು ದಾರಿ ಇವೆ. ಒಂದು, ಕಾರ್ಡಿನಲ್ಲಿ ಸೂತ್ರವನ್ನೇ ಬರೆಯುವುದು: ‘ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ. ನಿಮ್ಮ ಲೆಕ್ಕ ಸಂಬಳ ಚೀಟಿಯ ಕೆಳಗಿದೆ’. ಇದು ನಿಖರ. ಆದರೆ ಸಂಬಳ ಚೀಟಿಯಲ್ಲಿ ರಜೆ ಬಾಕಿ ನಿಜಕ್ಕೂ ಪ್ರತಿ ತಿಂಗಳು ಬರಬೇಕು, ಇಲ್ಲದಿದ್ದರೆ ಎಲ್ಲರೂ ನಿಮ್ಮ ಟೇಬಲ್ ಹತ್ತಿರ ಬರುತ್ತಾರೆ. ಇನ್ನೊಂದು, ಆಡಳಿತವನ್ನು ಒಪ್ಪಿಸಿ ಪೂರ್ತಿ ವರ್ಷ ಇದ್ದವರೆಲ್ಲರಿಗೂ ಒಂದೇ ಸಂಖ್ಯೆ ಕೊಡುವುದು. ಕಾರ್ಡಿಗೆ ಇದು ಸುಖ. ಆದರೆ ಆ ಸಂಖ್ಯೆ ಯಾರಿಗೂ ಕಾನೂನಿನ ಲೆಕ್ಕಕ್ಕಿಂತ ಕಡಿಮೆ ಆಗಬಾರದು, ಹಾಗಾಗಿ ಕಂಪನಿಗೆ ಒಂದೆರಡು ದಿನ ಜಾಸ್ತಿ ಖರ್ಚು. ನನ್ನನ್ನು ಕೇಳಿದರೆ, 85 ಜನರ ಕಂಪನಿಗೆ ಎರಡನೆಯದೇ ಒಳ್ಳೆಯದು. ಒಂದು ದಿನದ ಖರ್ಚು ಉಳಿಸಲು ವರ್ಷವಿಡೀ ಲೆಕ್ಕ ಒಪ್ಪಿಸುತ್ತಾ ಕೂರುವುದು ಯಾರಿಗೆ ಬೇಕು? ಆದರೆ ಬಾಸ್‌ಗೆ ಇದು ರುಚಿಸದಿರಬಹುದು. ಆಗ ಸೂತ್ರವನ್ನೇ ಬರೆಯಿರಿ, ‘ಸುಮಾರು 15’ ಅಂತ ಮಾತ್ರ ಬರೆಯಬೇಡಿ. ಕಾರ್ಡಿನಲ್ಲಿ ‘ಸುಮಾರು’ ಅನ್ನುವುದನ್ನು ಯಾರೂ ಓದಲ್ಲ, 15 ಅನ್ನುವುದನ್ನು ಎಲ್ಲರೂ ಓದುತ್ತಾರೆ.

ಇಎಲ್ ಸಾಲು ಬರೆಯುವಾಗಲೇ ಇನ್ನೊಂದನ್ನು ನೋಡಿಬಿಡಿ. ಮುಂದಿನ ವರ್ಷಕ್ಕೆ ಎಷ್ಟು ದಿನ ಕೂಡಿಡಬಹುದು ಅಂತ ನಿಮ್ಮ ಪಾಲಿಸಿ ಹೇಳುತ್ತದೆ? ಹಳೆಯ ಪಾಲಿಸಿಗಳಲ್ಲಿ 30 ಅಂತ ಇರುತ್ತದೆ, ಮೊದಲು ಕಾಯ್ದೆಯಲ್ಲೂ ಅಷ್ಟೇ ಇತ್ತು. ಆಮೇಲೆ ರಾಜ್ಯ ತಿದ್ದುಪಡಿ ತಂದು 45ಕ್ಕೆ ಏರಿಸಿತು. ನಿಮ್ಮ 14 ಪುಟದಲ್ಲಿ ಇನ್ನೂ 30 ಇದ್ದರೆ ಅದನ್ನು ಕಾರ್ಡಿಗೆ ನಕಲು ಮಾಡಬೇಡಿ, ಮೊದಲು ಪಾಲಿಸಿಯನ್ನೇ ತಿದ್ದಿ. ಕಾರ್ಡ್ ಮಾಡುವಾಗ ಇಂಥ ಹುಳುಕು ಸಿಗುವುದು ಮಾಮೂಲು. ನನಗಂತೂ ಕಾರ್ಡಿಗಿಂತ ಈ ಹುಳುಕು ಸಿಕ್ಕಿದ್ದೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಇನ್ನು ಕನ್ನಡದ ವಿಷಯ. ಗೋಡೌನಿನವರಿಗೆ ಕಾರ್ಡ್ ಕನ್ನಡದಲ್ಲೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಗ್ಲಿಷ್ ಪಾಲಿಸಿಯಿಂದ ಇಳಿಸುವಾಗ ಕ್ರಿಯಾಪದಗಳು ಕೈಕೊಡುತ್ತವೆ. ಕೆಲವು ವರ್ಷದ ಹಿಂದೆ ನಾನೇ ಒಂದು ಕಂಪನಿಗೆ ಮಾಡಿಕೊಟ್ಟ ಕಾರ್ಡಿನಲ್ಲಿ ‘ಮದುವೆಗೆ 3 ದಿನ ವಿಶೇಷ ರಜೆ ಸಿಗುತ್ತದೆ’ ಅಂತ ಬರೆದಿದ್ದೆ. ಮೂಲದಲ್ಲಿ ಇದ್ದದ್ದು, ಮ್ಯಾನೇಜರ್ ಒಪ್ಪಿದರೆ ಕೊಡಬಹುದು ಅಂತ. ಒಬ್ಬ ಹುಡುಗ ಛತ್ರದ ತಾರೀಖು ಗೊತ್ತು ಮಾಡಿಕೊಂಡು ಬಂದ, ಮ್ಯಾನೇಜರ್ ಆಗಲ್ಲ ಅಂದರು. ತಪ್ಪು ನನ್ನ ಒಂದು ಕ್ರಿಯಾಪದದ್ದು. ಅವತ್ತಿನಿಂದ ನಾನು ಮೂರೇ ಪದ ಇಟ್ಟುಕೊಂಡಿದ್ದೇನೆ. ಹಕ್ಕಾಗಿ ಬರುವುದಕ್ಕೆ ‘ಸಿಗುತ್ತದೆ’. ಒಪ್ಪಿಗೆ ಬೇಕಾದದ್ದಕ್ಕೆ ‘ಕೇಳಬಹುದು’. ನೌಕರ ಮಾಡಲೇಬೇಕಾದದ್ದಕ್ಕೆ ‘ಬೇಕು’. ‘ತಿಳಿಸತಕ್ಕದ್ದು’, ‘ಅವಕಾಶವಿರುತ್ತದೆ’, ‘ಪರಿಗಣಿಸಲಾಗುವುದು’ ಇವೆಲ್ಲ ಬೇಡ. ಕೊನೆಯದಂತೂ ಕೇಳಲು ಭರವಸೆಯ ಹಾಗಿರುತ್ತದೆ, ಒಳಗೆ ಏನೂ ಇರಲ್ಲ.

ಸಂಖ್ಯೆಯ ಸುತ್ತಲಿನ ಮಾತಿನಲ್ಲೂ ಇದೇ ತೊಂದರೆ. ‘2 ದಿನಕ್ಕಿಂತ ಜಾಸ್ತಿ’ ಅಂದರೆ ಎರಡನೇ ದಿನ ಸೇರಿತಾ ಇಲ್ಲವಾ ಅಂತ ಅರ್ಧ ಜನ ಕೇಳುತ್ತಾರೆ. ‘3 ದಿನ ಅಥವಾ ಜಾಸ್ತಿ’ ಅಂದರೆ ಯಾರೂ ಕೇಳಲ್ಲ. ‘7 ದಿನ ಮುಂಚೆ ಅರ್ಜಿ’ ಅನ್ನುವ ಬದಲು ‘ಮುಂದಿನ ಸೋಮವಾರ ರಜೆ ಬೇಕಾದರೆ ಈ ಸೋಮವಾರದೊಳಗೆ’ ಅನ್ನಿ.

ಹೆರಿಗೆ ರಜೆಯನ್ನು ಕಾರ್ಡಿಗೆ ಹಾಕಬೇಕಾ ಅಂತ ಮುಂದೆ ನೀವೇ ಕೇಳುತ್ತೀರಿ. 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ, ಎರಡು ಅಥವಾ ಹೆಚ್ಚು ಮಕ್ಕಳಿದ್ದರೆ ಒಟ್ಟು 12 ವಾರ, ಹೆರಿಗೆ ತಾರೀಖಿಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಇಷ್ಟನ್ನು ಬರೆದರೂ ಮುಗಿಯಲ್ಲ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ ಇರುವವರಿಗೆ ಹಣ ಬರುವುದು ಇಎಸ್‌ಐನಿಂದ, ಅರ್ಹತೆಯ ಲೆಕ್ಕವೂ ಬೇರೆ. ನಿಮ್ಮಲ್ಲಿ ಇಬ್ಬಗೆಯವರೂ ಇರುತ್ತಾರೆ. ಇದನ್ನು ಎರಡು ಸಾಲಿಗೆ ಇಳಿಸಿದರೆ ಒಬ್ಬರಲ್ಲ ಒಬ್ಬರಿಗೆ ತಪ್ಪು ಉತ್ತರ. ಹಾಗಂತ ಪೂರ್ತಿ ಬಿಟ್ಟರೆ ಅಂಥ ರಜೆಯೇ ಇಲ್ಲ ಅಂದುಕೊಳ್ಳುವವರೂ ಇದ್ದಾರೆ. ಆದ್ದರಿಂದ ಕಾರ್ಡಿನಲ್ಲಿ ಒಂದೇ ಸಾಲು: ‘ಹೆರಿಗೆ ರಜೆ 26 ವಾರದವರೆಗೆ ಇದೆ, ಷರತ್ತುಗಳಿವೆ. ಗೊತ್ತಾದ ಕೂಡಲೇ ಎಚ್‌ಆರ್‌ಗೆ ಹೇಳಿ, ಪ್ರತ್ಯೇಕ ಹಾಳೆ ಕೊಡುತ್ತೇವೆ’. ಆ ಹಾಳೆಯನ್ನು ಬೇರೆ ಮಾಡಿಡಿ. ಉದ್ದ ಜ್ವರ, ಆಪರೇಷನ್ ಆದವರಿಗೂ ಹೀಗೇ. 12 ದಿನ ಮುಗಿದ ಮೇಲೆ ಇಎಸ್‌ಐ ಇರುವವರಿಗೆ ಅಲ್ಲಿಂದ ಕಾಯಿಲೆ ಭತ್ಯೆಗೆ ಅರ್ಜಿ ಹಾಕುವ ದಾರಿ ಇದೆ, ಒಂದೇ ದಿನಕ್ಕೆ ಸಂಬಳವೂ ಭತ್ಯೆಯೂ ಎರಡೂ ಬರಲ್ಲ. ಇದೂ ಪ್ರತ್ಯೇಕ ಹಾಳೆಯ ವಿಷಯ.

ಕಾರ್ಡ್ ಬರೆದಾಯಿತು ಅಂದ ಮೇಲೆ ಎರಡು ಪರೀಕ್ಷೆ ಮಾಡಿ. ಮೊದಲನೆಯದನ್ನು ನಿಮ್ಮ ಟೇಬಲ್‌ನಲ್ಲೇ ಮಾಡಬಹುದು. ಒಂದು ಪ್ರಿಂಟ್ ತೆಗೆದು, ಪ್ರತಿ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಪಾಲಿಸಿಯ ಪುಟ ಸಂಖ್ಯೆ ಬರೆಯಿರಿ. ಯಾವ ಸಾಲಿಗೆ ಪುಟ ಸಿಗಲ್ಲವೋ ಅದು ಕಂಪನಿಯ ನಿಯಮವಲ್ಲ, ನಿಮ್ಮ ಆಫೀಸಿನ ರೂಢಿ. ನನಗೆ ಸಾಮಾನ್ಯವಾಗಿ ಹೀಗೆ ಸಿಗುವುದು ‘ಸೋಮವಾರ ರಜೆ ಕೊಡಲ್ಲ’ ಅನ್ನುವಂಥ ಸಾಲು. ಯಾವತ್ತೋ ಒಬ್ಬ ಸೂಪರ್‌ವೈಸರ್ ಹೇಳಿದ್ದು ನಿಯಮ ಆಗಿಬಿಟ್ಟಿರುತ್ತದೆ.

ಎರಡನೆಯದಕ್ಕೆ ಮೂರು ಜನ ಬೇಕು. ಹೊಸದಾಗಿ ಸೇರಿದ ಒಬ್ಬರು, ಗೋಡೌನಿನ ಒಬ್ಬರು, ಸಂಬಳ ಮಾಡುವವರು. ಕಾರ್ಡ್ ಕೈಗೆ ಕೊಟ್ಟು ಪ್ರಶ್ನೆ ಕೇಳಿ. ‘ಗುರುವಾರ, ಶುಕ್ರವಾರ, ಶನಿವಾರ ಜ್ವರ. ಸೋಮವಾರ ಬಂದಿರಿ. ಏನು ತರಬೇಕು?’ ‘ಈ ವರ್ಷ 5 ಎಸ್‌ಎಲ್ ಉಳಿದಿದೆ. ಜನವರಿಯಲ್ಲಿ ಎಷ್ಟು ಇರುತ್ತದೆ?’ ಮೂವರೂ ಒಂದೇ ಉತ್ತರ ಕೊಡಬೇಕು. ಕೊಡದಿದ್ದರೆ ವಿವರಿಸಲು ಹೋಗಬೇಡಿ, ಸಾಲನ್ನು ತಿದ್ದಿ. ಗೋಡೆಯ ಪಕ್ಕ ನಿಂತು ವಿವರಿಸಲು ನೀವು ಇರಲ್ಲವಲ್ಲ. ಸಂಬಳ ಮಾಡುವವರನ್ನು ಬಿಡಬೇಡಿ. ನಿಮ್ಮ ಈ ಪ್ರಕರಣದಲ್ಲಿ ಭಾನುವಾರವನ್ನು ಸೇರಿಸಿದ್ದು ಅವರೇ ತಾನೇ? ಅವರು ಯಾವ ಕಾಗದ ನೋಡಿ ಸೇರಿಸಿದರು ಅಂತ ಅವತ್ತೇ ಗೊತ್ತಾಗುತ್ತದೆ.

ಕಾರ್ಡಿನ ಕೆಳಗೆ ಎರಡು ಸಾಲು ಕಡ್ಡಾಯ. ಒಂದು, ‘ಇದು ಸಾರಾಂಶ. ವ್ಯತ್ಯಾಸ ಬಂದರೆ ಪಾಲಿಸಿಯ ಮಾತೇ ಅಂತಿಮ. ಪಾಲಿಸಿ ಎಚ್‌ಆರ್ ಹತ್ತಿರ ಸಿಗುತ್ತದೆ’. ಇದು ನಿಮ್ಮನ್ನು ಎಲ್ಲದರಿಂದ ಕಾಪಾಡಲ್ಲ, ಮೇಲೆ ಹೇಳಿದೆನಲ್ಲ. ಇನ್ನೊಂದು ತಾರೀಖು. ‘ಈ ದಿನದಿಂದ ಜಾರಿ, ಇದಕ್ಕಿಂತ ಹಳೆಯ ಕಾರ್ಡ್ ನಡೆಯಲ್ಲ’. ತಾರೀಖಿಲ್ಲದ ಕಾರ್ಡ್ ವಾಟ್ಸಾಪ್‌ನಲ್ಲಿ ಸಾಯುವುದೇ ಇಲ್ಲ. ಕಾನೂನೂ ಒಂದೇ ಕಡೆ ನಿಂತಿರಲ್ಲ. 2025ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನ ಸಂಬಳಸಹಿತ ಮುಟ್ಟಿನ ರಜೆ ಅಂತ ಆದೇಶ ಹೊರಡಿಸಿತು, ವಿಷಯ ಹೈಕೋರ್ಟಿಗೂ ಹೋಯಿತು. ಆಗ ನನ್ನ ಗ್ರಾಹಕರಲ್ಲಿ ಕಾರ್ಡಿಗೆ ತಾರೀಖು ಹಾಕಿದ್ದವರು ಹೊಸ ಹಾಳೆ ಅಂಟಿಸಿದರು. ಹಾಕದಿದ್ದವರಲ್ಲಿ ಹಳೆಯದು, ಹೊಸದು ಎರಡೂ ಒಟ್ಟಿಗೆ ಓಡಾಡಿದವು. ನಿಮ್ಮ ಕಾರ್ಡಿಗೆ ಈ ರಜೆಯ ಸಾಲು ಸೇರಿಸುವ ಮುನ್ನ ಅವತ್ತಿಗೆ ಏನು ಸ್ಥಿತಿ ಅಂತ ಕಾರ್ಮಿಕ ಇಲಾಖೆಯಲ್ಲಿ ಕೇಳಿಕೊಳ್ಳಿ.

ಇನ್ನು ನಿಮ್ಮ ಗೋಡೌನಿನವರು. ಅವರಿಗೆ ಐದೂ ದಿನದ ಸಂಬಳ ವಾಪಸ್ ಹಾಕಿ. ಎಸ್‌ಎಲ್ ಖಾತೆಯಿಂದ ನಾಲ್ಕನ್ನೇ ಕಳೆಯಿರಿ, ಭಾನುವಾರ ಬೇಡ. ಬಾಸ್ ‘ಹೀಗೆ ಬಿಟ್ಟರೆ ಎಲ್ಲರೂ ಶುರು ಮಾಡುತ್ತಾರೆ’ ಅನ್ನಬಹುದು. ಅದಕ್ಕೆ ಉತ್ತರ ಹೊಸ ಕಾರ್ಡ್. ಹಳೆಯದನ್ನು ತೆಗೆದು ಹೊಸದನ್ನು ಅಂಟಿಸುವ ದಿನ ಆ ಮನುಷ್ಯನನ್ನೇ ಮೊದಲು ಕರೆದು ಓದಿಸಿ. ಸರ್ಟಿಫಿಕೇಟ್ ಸಾಲು ಅವರ ಕಣ್ಣಿಗೆ ತಾನಾಗಿ ಬೀಳದಿದ್ದರೆ ಅಕ್ಷರ ಸಣ್ಣದಾಗಿದೆ ಅಂತ ಅರ್ಥ.